ಇಳಕಲ್ ಸೀರೆಯ ರೀಲ್‌ಗೆ ಬ್ರೀಫ್ ಪತ್ರ: ಫೋನಲ್ಲಿ ಹೇಳಿದ್ದು ಸಾಲದು

ಪ್ರಶ್ನೆ: ನಮ್ಮದು ಇಳಕಲ್. ಮನೆಯಲ್ಲಿ ಮೂರು ಮಗ್ಗ ಇವೆ, ನಾನು ವಾಟ್ಸಾಪ್ ಮತ್ತು ಇನ್‌ಸ್ಟಾಗ್ರಾಂನಲ್ಲಿ ಸೀರೆ ಮಾರುತ್ತೇನೆ. ಹೋದ ದೀಪಾವಳಿಗೆ ಬಾಗಲಕೋಟೆಯ ಒಬ್ಬ ಅಕ್ಕನಿಗೆ ಹತ್ತು ಸಾವಿರ ರೂಪಾಯಿ, ಒಂದು ಸೀರೆ ಕೊಟ್ಟು ರೀಲ್ ಮಾಡಿಸಿದೆ. ಎಲ್ಲಾ ಫೋನಲ್ಲೇ ಹೇಳಿದ್ದೆ. ಅವರು ‘ಪ್ಯೂರ್ ಸಿಲ್ಕ್’ ಅಂದುಬಿಟ್ಟರು, ಆದರೆ ಸೀರೆಯ ಒಡಲು ಹತ್ತಿ. ಎಂಟು ಸೀರೆ ವಾಪಸ್ ಬಂದವು. ಈ ಪಂಚಮಿಗೆ ಅದೇ ಅಕ್ಕನಿಗೆ ಪತ್ರ ಬರೆದು ಕೊಡಬೇಕು ಅಂತಿದ್ದೇನೆ. ಏನೇನು ಬರೆಯಲಿ? ‘ಜಾಹೀರಾತು ಅಂತ ಹಾಕಿದರೆ ಜನ ನೋಡಲ್ಲ’ ಅಂತಾರೆ ಅಕ್ಕ. ಹಾಕಲೇಬೇಕಾ?

ಉತ್ತರ:

ಹಾಕಲೇಬೇಕು. ದುಡ್ಡು ಕೊಡದೆ ಬರೀ ಸೀರೆ ಕೊಟ್ಟಿದ್ದರೂ ಹಾಕಬೇಕು. ಯಾಕೆ, ಎಲ್ಲಿ, ಎಷ್ಟು ಹೊತ್ತು ಅನ್ನೋದಕ್ಕೆ ಆಮೇಲೆ ಬರುತ್ತೇನೆ. ಮೊದಲು ಆ ‘ಪ್ಯೂರ್ ಸಿಲ್ಕ್’ ಮಾತು ನೋಡೋಣ, ಏಕೆಂದರೆ ನಿಮ್ಮ ಪತ್ರ ಶುರುವಾಗಬೇಕಾದ್ದು ಅಲ್ಲಿಂದಲೇ.

ಆ ಅಕ್ಕ ಬೇಕಂತ ಸುಳ್ಳು ಹೇಳಿಲ್ಲ ಅಂತ ನನಗೆ ಅನಿಸುತ್ತದೆ. ಅವರ ಕೈಗೆ ಸೀರೆ ಬಂತು. ಬಿಚ್ಚಿದಾಗ ಮೊದಲು ಕಣ್ಣಿಗೆ ಬಿದ್ದಿದ್ದು ಸೆರಗು. ನಿಮ್ಮ ಸೆರಗು ಕೆಂಪು ರೇಷ್ಮೆಯದು, ಹೊಳೆಯುತ್ತದೆ. ಒಡಲಿನ ನೂಲು ಯಾವುದು ಅಂತ ಯಾರೂ ಅವರಿಗೆ ಹೇಳಿರಲಿಲ್ಲ, ಹೇಳಿದ್ದರೂ ಫೋನಲ್ಲಿ ಹೇಳಿದ್ದು ರೀಲ್ ಮಾಡುವ ಹೊತ್ತಿಗೆ ಮರೆತಿರುತ್ತದೆ. ಕ್ಯಾಮೆರಾ ಮುಂದೆ ನಿಂತಾಗ ಬಾಯಿಗೆ ಬರುವುದು ದಿನಾ ಕೇಳಿದ ಮಾತು, ಅಂದರೆ ‘ಪ್ಯೂರ್ ಸಿಲ್ಕ್ ಇಳಕಲ್’. ಪತ್ರದಲ್ಲಿ ನಿಜವಾದ ಮಾತು ಇಲ್ಲದಿದ್ದರೆ ಆ ಜಾಗಕ್ಕೆ ಸುಲಭದ ಮಾತು ಬಂದು ಕೂರುತ್ತದೆ. ನಾನು ಬೆಳಗಾವಿಯಲ್ಲಿ ಕೂತು ಸಣ್ಣ ಸಣ್ಣ ವ್ಯಾಪಾರಿಗಳಿಗೆ ಇಂಥ ಪತ್ರಗಳನ್ನೇ ಬರೆದುಕೊಡುತ್ತೇನೆ. ಕೆಟ್ಟುಹೋದ ರೀಲ್‌ಗಳಲ್ಲಿ ನಾನು ಜಾಸ್ತಿ ನೋಡಿದ ತಪ್ಪು ಇದೇ.

ಹಾಗಾಗಿ ಪತ್ರ ಬರೆಯುವ ಮುಂಚೆ ಒಂದು ಕೆಲಸ ಮಾಡಿ. ಕಳಿಸುವ ಸೀರೆಯನ್ನು ತೊಡೆ ಮೇಲೆ ಇಟ್ಟುಕೊಂಡು ಮೂರು ಸಾಲು ಬರೆಯಿರಿ: ಒಡಲು ಯಾವ ನೂಲು, ದಡಿ ಯಾವ ನೂಲು, ಸೆರಗು ಯಾವ ನೂಲು. ಒಡಲಿನಲ್ಲಿ ಹಾಸು ಒಂದು, ಹೊಕ್ಕು ಇನ್ನೊಂದು ಆಗಿದ್ದರೆ ಅದನ್ನೂ ಬಿಡಿಸಿ ಬರೆಯಿರಿ. ಎಲ್ಲಾದರೂ ಆರ್ಟ್ ಸಿಲ್ಕ್ ಇದ್ದರೆ ‘ಆರ್ಟ್ ಸಿಲ್ಕ್, ಅಂದರೆ ರೇಯಾನ್, ರೇಷ್ಮೆ ಅಲ್ಲ’ ಅಂತಲೇ ಬರೆಯಿರಿ, ಏಕೆಂದರೆ ಹೊರಗಿನವರು ‘ಸಿಲ್ಕ್’ ಅನ್ನೋ ಪದ ಒಂದನ್ನೇ ಕೇಳಿಸಿಕೊಳ್ಳುತ್ತಾರೆ. ನಿಮಗೆ ಇದು ಹುಟ್ಟಿದಾಗಿನಿಂದ ಗೊತ್ತಿರುವ ವಿಷಯ, ಅದಕ್ಕೇ ಹೇಳುವುದು ಮರೆತುಹೋಗುತ್ತದೆ.

ಇನ್ನು ಮುಖ್ಯ ಮಾತು. ಬ್ರೀಫಿನಲ್ಲಿ, ಅಂದರೆ ರೀಲ್ ಮಾಡುವವರಿಗೆ ಕೊಡುವ ಇಂಥ ಪತ್ರದಲ್ಲಿ, ಜನ ಹತ್ತು ಮಾತು ಬರೆಯುತ್ತಾರೆ: ಪರಂಪರೆ, ಕೈಮಗ್ಗ, ಬಣ್ಣ, ಬಾಳಿಕೆ, ನೇಕಾರರ ಬದುಕು, ಹಬ್ಬದ ರಿಯಾಯಿತಿ. 45 ಸೆಕೆಂಡಿನ ರೀಲಿನಲ್ಲಿ ಇಷ್ಟು ಹಿಡಿಯಲ್ಲ, ಹಿಡಿಸಿದರೂ ಯಾವುದೂ ನೆನಪಿರಲ್ಲ. ನನ್ನನ್ನು ಕೇಳಿದರೆ ಒಂದೇ ಮಾತು ಆರಿಸಿ. ಅದು ಬಾಯಿಂದ ಹೇಳುವಂಥದ್ದಷ್ಟೇ ಅಲ್ಲ, ಕ್ಯಾಮೆರಾಗೆ ಕಾಣುವಂಥದ್ದೂ ಆಗಿರಬೇಕು. ನಿಮ್ಮ ಸೀರೆಯಲ್ಲಿ ಅಂಥದ್ದು ಕಣ್ಣೆದುರಿಗೇ ಇದೆ: ಕೊಂಡಿ.

ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಂದರ ಎಳೆಯನ್ನು ಇನ್ನೊಂದರ ಎಳೆಗೆ ಕೊಂಡಿ ಹಾಕಿ ಜೋಡಿಸಿ ಆಮೇಲೆ ನೇಯುತ್ತಾರೆ. ಸೆರಗು ಶುರುವಾಗುವ ಗೆರೆಯನ್ನು ಬೆಳಕಿಗೆ ಹಿಡಿದು ಹತ್ತಿರದಿಂದ ನೋಡಿದರೆ, ಹತ್ತಿಯ ಎಳೆಯೂ ರೇಷ್ಮೆಯ ಎಳೆಯೂ ಒಂದರೊಳಗೊಂದು ಸಿಕ್ಕಿಕೊಂಡಿರುವುದು ಕಾಣುತ್ತದೆ. ಇಳಕಲ್ ಬಿಟ್ಟು ಹೊರಗಿನವರಿಗೆ ಇದನ್ನು ಯಾರೂ ತೋರಿಸಿಯೇ ಇರುವುದಿಲ್ಲ. ಐದಾರು ಸೆಕೆಂಡು ಆ ಗೆರೆಯ ಮೇಲೆ ಬೆರಳು ಓಡಿಸುತ್ತಾ, ‘ನೋಡಿ, ಒಡಲು ಹತ್ತಿ, ಸೆರಗು ರೇಷ್ಮೆ, ಇಲ್ಲಿ ಕೊಂಡಿ ಹಾಕಿ ಜೋಡಿಸಿದ್ದಾರೆ’ ಅಂದರೆ ಸಾಕು. ಸೀರೆಯ ವಿಶೇಷವೂ ಬಂತು, ಒಡಲು ಹತ್ತಿ ಅನ್ನೋ ನಿಜವೂ ಬಂತು. ಹೋದ ಸಲ ನಿಮಗೆ ನಷ್ಟ ಮಾಡಿದ ವಿಷಯವೇ ಈ ಸಲ ಹೆಮ್ಮೆಯಿಂದ ಹೇಳುವ ಮಾತಾಗುತ್ತದೆ. ಆ ಕೊಂಡಿಯ ಗೆರೆಯನ್ನು ನಿಮ್ಮ ಫೋನಿನಲ್ಲೇ ಶೂಟ್ ಮಾಡಿ ಒಂದು ಸಣ್ಣ ವಿಡಿಯೋ ಜೊತೆಗೆ ಕಳಿಸಿ, ಇಲ್ಲದಿದ್ದರೆ ಅಕ್ಕನಿಗೆ ಯಾವ ಗೆರೆ ಅಂತ ಗೊತ್ತಾಗಲ್ಲ.

ಆದರೆ ಸಂಭಾಷಣೆ ಬರೆದು ಕೊಡಬೇಡಿ. ಮೊದಮೊದಲು ನಾನೂ ಪೂರ್ತಿ ಮಾತು ಬರೆದು ಕೊಡುತ್ತಿದ್ದೆ. ಒಬ್ಬರು ಅದನ್ನು ವಾರ್ತೆ ಓದಿದ ಹಾಗೆ ಓದಿದರು, ಅವರನ್ನು ದಿನಾ ನೋಡುವವರಿಗೆ ಮೊದಲ ಸಾಲಿಗೇ ಇದು ಅವರ ಮಾತಲ್ಲ ಅಂತ ಗೊತ್ತಾಯಿತು. ಅವರ ಜನ ಅವರನ್ನು ನೋಡುವುದು ಅವರ ಮಾತಿಗಾಗಿ. ನೀವು ಸಂಗತಿ ಕೊಡಿ, ಮಾತು ಅವರದ್ದಿರಲಿ. ತಪ್ಪಿಹೋಗಬಾರದ ಒಂದೆರಡು ಪದ ಇದ್ದರೆ ಅವನ್ನು ಮಾತ್ರ ‘ಹೀಗೇ ಹೇಳಿ’ ಅಂತ ಬರೆಯಿರಿ.

ಈಗ ಪತ್ರ. ಉದ್ದ ಬೇಡ, ಫೋನಿನ ಪರದೆಯಲ್ಲಿ ಮೂರು ಸಲ ಸರಿಸಿದರೆ ಮುಗಿಯಬೇಕು. ನಿಮ್ಮ ಪ್ರಶ್ನೆಯಲ್ಲಿ ಇರುವುದನ್ನು ಇಟ್ಟುಕೊಂಡು ಒಂದು ಬರೆದಿದ್ದೇನೆ. ದುಡ್ಡು, ತಾರೀಖು, ಬೆಲೆ, ನೂಲು ನಾನು ಅಂದಾಜಿಗೆ ಹಾಕಿದ್ದು, ನಿಮ್ಮದು ಹಾಕಿಕೊಳ್ಳಿ.

“ಅಕ್ಕಾ, ನಮಸ್ಕಾರ.

ಪಂಚಮಿಗೆ ನಮ್ಮ ಸೀರೆಯ ರೀಲ್ ಮಾಡಿಕೊಡಲು ಒಪ್ಪಿದ್ದಕ್ಕೆ ಖುಷಿಯಾಯಿತು. ಹೋದ ಸಲ ಎಲ್ಲಾ ಫೋನಲ್ಲೇ ಹೇಳಿ ನಾನೇ ತಪ್ಪು ಮಾಡಿದೆ, ಅದಕ್ಕೆ ಈ ಸಲ ಬರೆದು ಕಳಿಸುತ್ತಿದ್ದೇನೆ.

ಸೀರೆ ಏನು ಅಂದರೆ: ಒಡಲು ಹತ್ತಿ, ಹಾಸು ಹೊಕ್ಕು ಎರಡೂ. ದಡಿ ಆರ್ಟ್ ಸಿಲ್ಕ್, ಅಂದರೆ ರೇಯಾನ್, ರೇಷ್ಮೆ ಅಲ್ಲ. ಸೆರಗು ರೇಷ್ಮೆ, ಕೆಂಪು ಬಿಳಿ, ಟೋಪ್ ತೆನೆ ವಿನ್ಯಾಸ. ನಮ್ಮ ಮನೆಯ ಕುಣಿ ಮಗ್ಗದಲ್ಲೇ ನೇಯ್ದದ್ದು. ಬೆಲೆ 2,650 ರೂಪಾಯಿ, ಅಂಚೆ ಖರ್ಚು ಸೇರಿ. ಒಡಲಿನ ಬಣ್ಣ ಗಿಣಿ ಹಸಿರು ಮತ್ತು ದಾಳಿಂಬೆ ಕೆಂಪು, ಎರಡೂ ಸೇರಿ ಈಗ 14 ಸೀರೆ ತಯಾರಿವೆ.

ಬೇಕಾಗಿರುವುದು: 40 ರಿಂದ 50 ಸೆಕೆಂಡಿನ ಒಂದು ರೀಲ್, ನಮ್ಮ ಖಾತೆಯನ್ನೂ ಕೊಲ್ಯಾಬ್‌ಗೆ ಸೇರಿಸಿ. ಅದೇ ದಿನ ಮೂರು ಸ್ಟೋರಿ, ಕೊನೆಯದರಲ್ಲಿ ನಮ್ಮ ವಾಟ್ಸಾಪ್ ಲಿಂಕ್. ಸೀರೆ ನಿಮಗೆ ಜುಲೈ 3 ರೊಳಗೆ ತಲುಪುತ್ತದೆ. ದಯವಿಟ್ಟು ಒಂದು ದಿನ ಪೂರ್ತಿ ಉಟ್ಟು ನೋಡಿ, ಆಮೇಲೆ ಶೂಟ್ ಮಾಡಿ. ಕಚ್ಚಾ ರೀಲ್ ಜುಲೈ 14 ಕ್ಕೆ ವಾಟ್ಸಾಪ್‌ನಲ್ಲಿ ಕಳಿಸಿ, ಒಂದು ದಿನದೊಳಗೆ ಉತ್ತರ ಕೊಡುತ್ತೇನೆ. ಜುಲೈ 20 ರ ಸಂಜೆ 7 ಕ್ಕೆ ಹಾಕೋಣ. ರೀಲ್ ನಿಮ್ಮ ಪೇಜಿನಲ್ಲಿ ಮೂರು ತಿಂಗಳಾದರೂ ಇರಲಿ. ಹಾಕಿದ ಏಳನೇ ದಿನ ಎಷ್ಟು ಜನ ನೋಡಿದರು, ಎಷ್ಟು ಜನ ಸೇವ್ ಮಾಡಿದರು ಅನ್ನೋ ಸ್ಕ್ರೀನ್‌ಶಾಟ್ ಕಳಿಸಿ.

ರೀಲಿನಲ್ಲಿ ಇರಲೇಬೇಕಾದ ಮಾತು ಒಂದೇ: ಹತ್ತಿಯ ಒಡಲು, ರೇಷ್ಮೆಯ ಸೆರಗು, ಎರಡನ್ನೂ ಕೊಂಡಿ ಹಾಕಿ ಜೋಡಿಸುತ್ತಾರೆ. ಕೊಂಡಿಯ ಗೆರೆಯನ್ನು ಹತ್ತಿರದಿಂದ ತೋರಿಸಿ (ವಿಡಿಯೋ ಕಳಿಸಿದ್ದೇನೆ, ಅದೇ ಗೆರೆ). ಬೆಲೆ ಬಾಯಲ್ಲಿ ಹೇಳಿ, ಬರಹದಲ್ಲೂ ಹಾಕಿ. ಉಳಿದದ್ದು ನಿಮ್ಮ ಮಾತು, ನಿಮ್ಮ ಶೈಲಿ. ಸೀರೆಯಲ್ಲಿ ನಿಮಗೆ ಇಷ್ಟವಾಗದ್ದು ಏನಾದರೂ ಇದ್ದರೆ ಶೂಟ್ ಮಾಡುವ ಮುಂಚೆ ನನಗೆ ಹೇಳಿ, ಮಾತಾಡೋಣ.

ಜಾಹೀರಾತು ಅಂತ ಹೀಗೆ ತಿಳಿಸಿ: ರೀಲಿನ ಮೊದಲ ಕ್ಷಣದಿಂದ ಕೊನೆವರೆಗೆ ಮೇಲೆ ಎಡಗಡೆ ‘ಜಾಹೀರಾತು’ ಅನ್ನೋ ಪದ. ಶುರುವಿನಲ್ಲೇ ಬಾಯಲ್ಲಿ ಒಂದು ಸಲ. ಕ್ಯಾಪ್ಶನ್ನಿನ ಮೊದಲ ಪದವೇ ‘ಜಾಹೀರಾತು’. ಮೂರೂ ಸ್ಟೋರಿಯ ಮೇಲೆ ಬೇರೆ ಬೇರೆಯಾಗಿ. ಜೊತೆಗೆ Paid partnership ಗುರುತನ್ನೂ ಆನ್ ಮಾಡಿ.

ಇವು ಬೇಡ: ‘ಪ್ಯೂರ್ ಸಿಲ್ಕ್’, ‘ಸಿಲ್ಕ್ ಸೀರೆ’ ಅನ್ನೋ ಮಾತು. ‘ಬಣ್ಣ ಹೋಗಲ್ಲ’ ಅನ್ನೋ ಭರವಸೆ. ‘ನಾನೇ ಕೊಂಡುಕೊಂಡೆ’ ಅನ್ನೋದು. ಬಣ್ಣ ಬದಲಿಸುವ ಫಿಲ್ಟರ್. ಸಿನಿಮಾ ಹಾಡು, ಯಾರದೋ ಆಲ್ಬಂ ಹಾಡು. ‘ಇವತ್ತೇ ಕೊನೆ’ ಅನ್ನೋ ಅವಸರ. ಬೇರೆ ಅಂಗಡಿಯವರ ಸೀರೆ ಬಗ್ಗೆ ಏನೂ ಬೇಡ.

ಹಣ: 12,000 ರೂಪಾಯಿ. ಅರ್ಧ ಈ ಪತ್ರಕ್ಕೆ ನೀವು ‘ಒಪ್ಪಿಗೆ’ ಅಂದ ದಿನ, ಅರ್ಧ ರೀಲ್ ಹಾಕಿದ ಮೂರು ದಿನದೊಳಗೆ. ಸೀರೆ ನಿಮ್ಮದೇ. ಕಚ್ಚಾ ರೀಲಿನಲ್ಲಿ ರುಚಿಗೆ ಸಂಬಂಧಿಸಿದ ಬದಲಾವಣೆ ಒಂದೇ ಸಲ ಕೇಳುತ್ತೇನೆ. ನೂಲು, ಬೆಲೆ, ಜಾಹೀರಾತು ಪದ ತಪ್ಪಾಗಿದ್ದರೆ ಮಾತ್ರ ಸರಿಯಾಗುವವರೆಗೆ ಕೇಳುತ್ತೇನೆ.

ನೂಲು ಕೊಂಡ ಬಿಲ್ಲಿನ ಫೋಟೋ ಜೊತೆಗಿದೆ.”

ಪತ್ರ ಇಷ್ಟೇ. ಇದರಲ್ಲಿ ಕೆಲವು ಸಾಲು ಯಾಕೆ ಹಾಗಿವೆ ಅಂತ ಹೇಳುತ್ತೇನೆ.

ಬಿಲ್ಲಿನ ಫೋಟೋ ನೋಡಿ ಅಕ್ಕನಿಗೆ ಆಶ್ಚರ್ಯ ಆಗಬಹುದು. ಅದು ನಿಮ್ಮಿಬ್ಬರಿಗೂ ಕಾವಲು. ಗ್ರಾಹಕ ಸಂರಕ್ಷಣಾ ಕಾಯ್ದೆ 2019 ರ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ ಸರಕು ಮಾಡಿದವರೂ ಹೊಣೆ, ಅದನ್ನು ಹೊಗಳಿ ಹೇಳಿದವರೂ ಹೊಣೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮೊದಲ ಸಲಕ್ಕೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು, ಮತ್ತೆ ಮಾಡಿದರೆ 50 ಲಕ್ಷದವರೆಗೆ. ಹೊಗಳಿದವರು ಒಂದು ವರ್ಷದವರೆಗೆ ಯಾವ ವಸ್ತುವನ್ನೂ ಜಾಹೀರಾತಿನಲ್ಲಿ ಹೊಗಳದ ಹಾಗೆ ತಡೆಯಲೂಬಹುದು. ಆದರೆ ತಾನು ಹೇಳಿದ್ದು ನಿಜವೇ ಅಂತ ವಿಚಾರಿಸಿ ನೋಡಿಯೇ ಹೇಳಿದ್ದೇನೆ ಅಂತ ಅವರು ತೋರಿಸಿದರೆ ಆ ಹೊಣೆಯಿಂದ ಪಾರಾಗುತ್ತಾರೆ. ನೀವು ಕಳಿಸಿದ ಬಿಲ್ಲು, ನೂಲಿನ ವಿವರ ಇರುವ ಪತ್ರ, ಇವೇ ಅವರು ವಿಚಾರಿಸಿದ್ದಕ್ಕೆ ಗುರುತು. ಮೂರು ಮಗ್ಗದ ಮನೆಗೆ ಹತ್ತು ಲಕ್ಷದ ದಂಡ ಬಂದೇ ಬರುತ್ತದೆ ಅಂತ ಹೆದರಿಸುತ್ತಿಲ್ಲ. ವಾಪಸ್ ಬಂದ ಎಂಟು ಸೀರೆಯಲ್ಲಿ ಒಬ್ಬರು ದೂರು ಕೊಟ್ಟಿದ್ದರೂ ಆ ರೀಲ್ ನಿಮ್ಮ ವಿರುದ್ಧ ಸಾಕ್ಷಿಯಾಗುತ್ತಿತ್ತು, ಅದು ನಿಮಗೆ ಗೊತ್ತಿರಲಿ.

‘ಒಂದು ದಿನ ಪೂರ್ತಿ ಉಟ್ಟು ನೋಡಿ’ ಅನ್ನೋ ಸಾಲೂ ಸುಮ್ನೆ ಮರ್ಯಾದೆಗೆ ಬರೆದದ್ದಲ್ಲ. ಗ್ರಾಹಕ ವ್ಯವಹಾರಗಳ ಇಲಾಖೆ 2023 ರ ಜನವರಿಯಲ್ಲಿ ಇನ್‌ಫ್ಲುಯೆನ್ಸರ್‌ಗಳಿಗಾಗಿ ಹೊರಡಿಸಿದ ಮಾರ್ಗಸೂಚಿ, ಹೊಗಳುವವರು ಆ ವಸ್ತುವನ್ನು ನಿಜವಾಗಿ ಬಳಸಿರಬೇಕು ಅನ್ನುತ್ತದೆ. ಅದಕ್ಕೇ ಸೀರೆ ಮುಟ್ಟುವ ದಿನಕ್ಕೂ ಕಚ್ಚಾ ರೀಲ್ ಬರುವ ದಿನಕ್ಕೂ ನಡುವೆ ಹತ್ತು ದಿನ ಇಟ್ಟೆ. ಹಬ್ಬ ಬಂತು ಅಂತ ಹಿಂದಿನ ದಿನ ಸೀರೆ ಕೊರಿಯರ್ ಮಾಡಿದರೆ, ಪಾಪ ಅವರಾದರೂ ಏನು ಮಾಡುತ್ತಾರೆ, ಭುಜದ ಮೇಲೆ ಹಾಕಿಕೊಂಡು ‘ತುಂಬಾ ಸಾಫ್ಟ್ ಇದೆ’ ಅಂತಾರೆ.

ಇನ್ನು ಜಾಹೀರಾತು ಅನ್ನೋ ಪದ. ‘ಜಾಹೀರಾತು ಅಂತ ತಿಳಿಸಿ’ ಅಂತಷ್ಟೇ ಬರೆದರೆ ಸಾಲದು, ಇದನ್ನು ನಾನು ಪೆಟ್ಟು ತಿಂದು ಕಲಿತೆ. ಕೆಲವು ವರ್ಷದ ಹಿಂದೆ ತಿನಿಸು ಮಾಡುವ ಒಬ್ಬರಿಗೆ ಬರೆದ ಪತ್ರದಲ್ಲಿ ಅಷ್ಟನ್ನೇ ಬರೆದಿದ್ದೆ. ರೀಲ್ ಮಾಡಿದವರು ತಿಳಿಸಿದ್ದರು, ನಿಜ. ಕ್ಯಾಪ್ಶನ್ ಪೂರ್ತಿ ಬಿಚ್ಚಿ ಕೆಳಗೆ ಇಳಿದರೆ, ಹಬ್ಬ, ಊಟ, ಊರು ಅಂತ ಸಾಲಾಗಿ ಇದ್ದ ಹ್ಯಾಶ್‌ಟ್ಯಾಗ್‌ಗಳ ಕೊನೆಯಲ್ಲಿ ಆ ಪದ ಇತ್ತು. ನೋಡುವವರಲ್ಲಿ ಒಬ್ಬರಿಗೂ ಕಂಡಿರಲಿಕ್ಕಿಲ್ಲ. ಕಾಮೆಂಟಿನಲ್ಲಿ ಒಬ್ಬ ತಾಯಿ ‘ನೀವೇ ಕೊಂಡು ತಿಂದಿದ್ದಾ ಅಥವಾ ದುಡ್ಡಿಗಾ?’ ಅಂತ ಕೇಳಿದರು, ಉತ್ತರ ಕೊಡುವುದು ಯಾರಿಗೂ ಸುಲಭ ಆಗಲಿಲ್ಲ. ಆ ತಪ್ಪು ನನ್ನ ಪತ್ರದ್ದು. ಅವತ್ತಿನಿಂದ ಪದ, ಜಾಗ, ಹೊತ್ತು ಮೂರನ್ನೂ ಬರೆಯುತ್ತೇನೆ.

ಜಾಹೀರಾತು ಮಾನದಂಡ ಮಂಡಳಿ, ಅಂದರೆ ಎಎಸ್‌ಸಿಐ, 2021 ರಲ್ಲಿ ಇದಕ್ಕೆ ಲೆಕ್ಕವನ್ನೇ ಕೊಟ್ಟಿದೆ. 15 ಸೆಕೆಂಡು ಅಥವಾ ಅದಕ್ಕಿಂತ ಚಿಕ್ಕ ವಿಡಿಯೋದಲ್ಲಿ ಆ ಪದ ಕನಿಷ್ಠ 3 ಸೆಕೆಂಡು ನಿಲ್ಲಬೇಕು. ಅದಕ್ಕಿಂತ ಉದ್ದವಿದ್ದು ಎರಡು ನಿಮಿಷದೊಳಗಿದ್ದರೆ ವಿಡಿಯೋದ ಮೂರನೇ ಒಂದು ಭಾಗ. ನಿಮ್ಮ 45 ಸೆಕೆಂಡಿನ ರೀಲ್‌ಗೆ ಅದು 15 ಸೆಕೆಂಡು ಆಗುತ್ತದೆ. ಎಣಿಸುವ ಗೊಡವೆಯೇ ಬೇಡ ಅಂತ ನಾನು ಪೂರ್ತಿ ಹೊತ್ತು ಇರಲಿ ಅಂತ ಬರೆಯುತ್ತೇನೆ. ಎಡಿಟ್ ಮಾಡುವವರಿಗೂ ಅದೇ ಸುಲಭ, ಒಂದು ಪದ ಹಾಕಿ ಕೊನೆವರೆಗೆ ಎಳೆದರೆ ಆಯಿತು. ಕ್ಯಾಪ್ಶನ್ನಿನಲ್ಲಿ ‘ಮುಂದೆ ಓದಿ’ ಒತ್ತದೆ ಕಾಣುವ ಮೊದಲ ಎರಡು ಸಾಲಿನೊಳಗೆ ಬರಬೇಕು. ಆ Paid partnership ಗುರುತು ಒಂದೇ ಸಾಲದು, ಅದರ ಜೊತೆಗೆ ರೀಲ್ ಮಾಡಿದವರು ತಾವೇ ಹಾಕಿದ ಪದವೂ ಇರಬೇಕು ಅನ್ನುತ್ತದೆ ಎಎಸ್‌ಸಿಐ. ಇಲಾಖೆಯ 2023 ರ ಮಾರ್ಗಸೂಚಿ ವಿಡಿಯೋದಲ್ಲಿ ಕಣ್ಣಿಗೂ ಕಾಣಬೇಕು, ಕಿವಿಗೂ ಕೇಳಬೇಕು ಅನ್ನುತ್ತದೆ. ಬಾಯಲ್ಲೂ ಒಂದು ಸಲ ಹೇಳಿ ಅಂತ ಬರೆದದ್ದು ಅದಕ್ಕೆ.

ಕನ್ನಡದ ರೀಲ್‌ಗೆ ಕನ್ನಡದ ಪದವನ್ನೇ ಹಾಕಬಹುದು, ನೋಡುವವರಿಗೆ ಅರ್ಥವಾಗಬೇಕು ಅಷ್ಟೇ. ‘ಸಹಯೋಗ’, ‘ಕೃಪೆ’, ‘ಧನ್ಯವಾದ ಇವರಿಗೆ’ ಅಂತೆಲ್ಲ ಹಾಕುವವರಿದ್ದಾರೆ. ನನ್ನ ಮಟ್ಟಿಗೆ ಅವು ಬೇಡ. ಹುನಗುಂದದ ಒಬ್ಬ ಅಜ್ಜಿಗೆ ‘ಜಾಹೀರಾತು’ ಅಂದರೆ ತಟ್ಟನೆ ತಿಳಿಯುತ್ತದೆ, ‘ಸಹಯೋಗ’ ಅಂದರೆ ಯಾರೋ ಕೈ ಜೋಡಿಸಿದರು ಅಂದುಕೊಳ್ಳುತ್ತಾರೆ.

ಜನ ನೋಡಲ್ಲ ಅನ್ನೋ ಅಕ್ಕನ ಚಿಂತೆಗೆ ಒಂದು ದಾರಿ ಇದೆ. ಬಾಯಲ್ಲಿ ಹೇಳುವುದನ್ನು ಅವರ ಮಾತಿನಲ್ಲೇ ಹೇಳಲಿ. ‘ಇದು ಜಾಹೀರಾತು ರೀ, ಇಳಕಲ್‌ನಿಂದ ಸೀರೆನೂ ಕಳಿಸ್ಯಾರ, ದುಡ್ಡೂ ಕೊಟ್ಟಾರ, ಆದ್ರ ಈ ಗೆರಿ ಒಂದು ನೋಡ್ರಿ’ ಅಂತ ಹೇಳಿ ಸೀದಾ ಕೊಂಡಿಗೆ ಹೋಗಲು ಐದಾರು ಸೆಕೆಂಡು ಸಾಕು. ಆ ಗೆರೆ ಏನು ಅಂತ ನೋಡಲು ಜನ ನಿಲ್ಲುತ್ತಾರೆ. ಜನ ಬಿಟ್ಟುಹೋಗುವುದು ಜಾಹೀರಾತು ಅನ್ನೋ ಪದಕ್ಕಲ್ಲ, ಮೊದಲ ಹತ್ತು ಸೆಕೆಂಡು ಬರೀ ‘ಹಾಯ್ ಫ್ರೆಂಡ್ಸ್’ನಲ್ಲೇ ಕಳೆದರೆ.

ಬೇಡದ ಪಟ್ಟಿಯನ್ನು ಬೇಕಂತಲೇ ಚಿಕ್ಕದು ಮಾಡಿದ್ದೇನೆ. ಇಪ್ಪತ್ತು ಸಾಲು ‘ಬೇಡ’ ಬರೆದರೆ ಯಾರೂ ಓದಲ್ಲ. ನಿಮ್ಮ ಸೀರೆಗೆ ನಿಜವಾಗಿ ಪೆಟ್ಟು ಕೊಡುವುದನ್ನು ಮಾತ್ರ ಇಟ್ಟುಕೊಳ್ಳಿ.

ಬಣ್ಣದ ವಿಷಯ ಎಲ್ಲಕ್ಕಿಂತ ಮುಖ್ಯ. ಕೆಂಪು ಸೆರಗು ಮೊದಲ ಒಗೆತದಲ್ಲಿ ಸ್ವಲ್ಪ ಬಣ್ಣ ಬಿಡುವುದು ಉಂಟು ಅಂತ ನಿಮಗೆ ಗೊತ್ತು, ಪುಣೆಯಲ್ಲಿ ಕೂತು ರೀಲ್ ನೋಡಿ ಕೊಂಡವರಿಗೆ ಗೊತ್ತಿಲ್ಲ. ‘ಬಣ್ಣ ಹೋಗಲ್ಲ’ ಅಂತ ಕೇಳಿ ಕೊಂಡವರು ಬೇರೆ ಬಟ್ಟೆ ಜೊತೆ ನೆನೆಸುತ್ತಾರೆ. ಅದರ ಬದಲು ‘ಮೊದಲ ಸಲ ಬೇರೆಯಾಗಿ, ತಣ್ಣೀರಲ್ಲಿ’ ಅಂತ ಒಂದು ಸ್ಟೋರಿಯಲ್ಲಿ ಹೇಳಿಸಿ. ಇಲ್ಲ, ನೀವು ಡ್ರೈ ವಾಶ್ ಅಂತಲೇ ಹೇಳುವವರಾದರೆ ಅದನ್ನು ಹೇಳಿಸಿ. ಫಿಲ್ಟರ್ ಕಥೆಯೂ ಇದೇ. ಗಿಣಿ ಹಸಿರಿಗೆ ಚರ್ಮ ಬೆಳ್ಳಗೆ ಕಾಣಿಸುವ ಫಿಲ್ಟರ್ ಹಾಕಿದರೆ ಸೀರೆ ನಿಂಬೆ ಹಣ್ಣಿನ ಬಣ್ಣಕ್ಕೆ ತಿರುಗುತ್ತದೆ, ರಾತ್ರಿ ರಿಂಗ್ ಲೈಟ್ ಕೆಳಗೆ ದಾಳಿಂಬೆ ಕೆಂಪು ಮರೂನ್ ಆಗಿ ಕಾಣುತ್ತದೆ. ವಾಪಸ್ ಬರುವ ಸೀರೆಗಳಲ್ಲಿ ‘ಫೋಟೋದಲ್ಲಿ ಬೇರೆ ಬಣ್ಣ ಇತ್ತು’ ಅನ್ನೋದೇ ಜಾಸ್ತಿ, ಅಲ್ವಾ? ವಸ್ತು ಇರುವುದಕ್ಕಿಂತ ಚೆನ್ನಾಗಿ ಕಾಣಿಸುವ ಫಿಲ್ಟರ್ ಹಾಕಬಾರದು ಅಂತ ಎಎಸ್‌ಸಿಐ ಕೂಡ ಹೇಳುತ್ತದೆ. ‘ಬೆಳಗ್ಗೆ ಕಿಟಕಿ ಪಕ್ಕ, ಅಥವಾ ಪಡಸಾಲೆಯಲ್ಲಿ, ಹಗಲಿನ ಬೆಳಕಲ್ಲಿ’ ಅಂತ ಒಂದು ಮಾತು ಸೇರಿಸಿದರೂ ಒಳ್ಳೆಯದೇ.

ಗುರುತುಗಳ ಬಗ್ಗೆ ಒಂದು ಎಚ್ಚರಿಕೆ, ಇದು ಅಕ್ಕನಿಗಿಂತ ನಿಮಗೇ. ಇಳಕಲ್ ಸೀರೆಗೆ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ, ನಿಜ. ಆದರೆ ಆ ಲೋಗೋ ಹಾಕಬೇಕಾದರೆ ನೀವು ಅಧಿಕೃತ ಬಳಕೆದಾರರಾಗಿ ನೋಂದಣಿ ಮಾಡಿಸಿರಬೇಕು. ಹ್ಯಾಂಡ್‌ಲೂಮ್ ಮಾರ್ಕ್, ಸಿಲ್ಕ್ ಮಾರ್ಕ್ ಕೂಡ ಹಾಗೇ, ನಿಮ್ಮ ಸೀರೆಗೆ ಆ ಚೀಟಿ ಸಿಕ್ಕಿದ್ದರೆ ಮಾತ್ರ ತೋರಿಸಿ. ಅಕ್ಕ ಗೂಗಲ್‌ನಿಂದ ಲೋಗೋ ತೆಗೆದು ವಿಡಿಯೋ ಮೂಲೆಯಲ್ಲಿ ಅಂಟಿಸುವ ಸಾಧ್ಯತೆ ಇದೆ, ಚೆನ್ನಾಗಿ ಕಾಣಲಿ ಅಂತ. ನಿಮ್ಮ ಬಳಿ ನೋಂದಣಿ ಇಲ್ಲದಿದ್ದರೆ ‘ಲೋಗೋ ಬೇಡ’ ಅಂತ ಬೇಡದ ಪಟ್ಟಿಗೆ ಸೇರಿಸಿ. ಕುಣಿ ಮಗ್ಗದ ಮುಂದೆ ಕೂತು ನೇಯುವ ಐದು ಸೆಕೆಂಡಿನ ದೃಶ್ಯ ಯಾವ ಲೋಗೋಗಿಂತಲೂ ಗಟ್ಟಿ. ಅದನ್ನು ಶೂಟ್ ಮಾಡಿ ಕಳಿಸುವಾಗ ನೇಯುವವರನ್ನು ಕೇಳಿಯೇ ಮಾಡಿ, ಮನೆಯವರಾದರೂ ಸರಿ. ಮಗ್ಗದ ಹತ್ತಿರ ಮಕ್ಕಳು ಚೌಕಟ್ಟಿನೊಳಗೆ ಬಾರದ ಹಾಗೆ ನೋಡಿಕೊಳ್ಳಿ, ನೋಡುವವರು ಮಕ್ಕಳಿಂದ ಕೆಲಸ ಮಾಡಿಸುತ್ತಾರೆ ಅಂದುಕೊಂಡರೆ ನಿಮ್ಮ ಮನೆಗೆ ಸಂಕಟ.

ಹಾಡಿನ ವಿಷಯದಲ್ಲಿ ತುಂಬಾ ಜನ ಎಡವುತ್ತಾರೆ. ಇನ್‌ಸ್ಟಾಗ್ರಾಂನಲ್ಲಿ ಹಾಡು ಸಿಗುತ್ತದೆ ಅಂದಮಾತ್ರಕ್ಕೆ ಜಾಹೀರಾತಿಗೆ ಹಾಕಬಹುದು ಅಂತಲ್ಲ. ಆ ಹಾಡುಗಳು ಜನ ತಮ್ಮ ಖುಷಿಗೆ ಹಾಕಿಕೊಳ್ಳಲು ಇರುವವು, ವ್ಯಾಪಾರಕ್ಕೆ ಹಾಡಿನ ಮಾಲೀಕರ ಒಪ್ಪಿಗೆ ಬೇಕು. ಹಬ್ಬದ ವಾರದಲ್ಲಿ ರೀಲಿನ ಧ್ವನಿ ಬಂದ್ ಆದರೆ ಕೊಂಡಿಯ ಮಾತೇ ಕೇಳಲ್ಲ. ಮೆಟಾದ Sound Collection ನಲ್ಲಿ ವ್ಯಾಪಾರಕ್ಕೂ ಬಳಸಬಹುದಾದ ಸಂಗೀತ ಇದೆ, ಅದನ್ನು ಹಾಕಲಿ. ಅದಕ್ಕಿಂತ ಒಳ್ಳೆಯದು ನಿಮ್ಮ ಮಗ್ಗದ ಸದ್ದು. ಲಾಳಿ ಓಡುವ, ಹಲಗೆ ಬಡಿಯುವ ಸದ್ದನ್ನು ಒಂದು ನಿಮಿಷ ಫೋನಿನಲ್ಲಿ ಹಿಡಿದು ಕಳಿಸಿ. ಅದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ.

‘14 ಸೀರೆ ತಯಾರಿವೆ’ ಅಂತ ಎಣಿಕೆ ಬರೆದದ್ದು ಯಾಕೆ ಅಂದರೆ, ಕೈಮಗ್ಗದ ಸೀರೆ ಕೇಳಿದ ತಕ್ಷಣ ಹುಟ್ಟಲ್ಲ. ‘ಎಷ್ಟು ಬೇಕಾದರೂ ಇವೆ’ ಅಂತ ಅವರು ಅಂದರೆ ಪಂಚಮಿಗೆ ಸೀರೆ ಮುಟ್ಟದೆ ಬೈಗುಳ ತಿನ್ನುವವರು ನೀವು. ಹಾಗಂತ ಉಲ್ಟಾ ಸುಳ್ಳೂ ಬೇಡ. ಮನೆಯಲ್ಲಿ 14 ಇಟ್ಟುಕೊಂಡು ‘ಎರಡೇ ಉಳಿದಿವೆ’ ಅನ್ನೋ ಸುಳ್ಳು ಅವಸರವನ್ನು 2023 ರ ನವೆಂಬರ್‌ನಲ್ಲಿ ಬಂದ ಕೇಂದ್ರದ ಮಾರ್ಗಸೂಚಿ ಮೋಸದ ತಂತ್ರಗಳ ಪಟ್ಟಿಗೇ ಸೇರಿಸಿದೆ. ‘ಈಗ 14 ಇವೆ, ಆಮೇಲೆ ಕೇಳಿದವರಿಗೆ ನೇಯ್ದು ಕಳಿಸುತ್ತಾರೆ, ಕಾಯಬೇಕು’ ಅಂದರೆ ನಿಜವೂ ಆಯಿತು, ಬೇಗ ಕೇಳಬೇಕು ಅಂತಲೂ ಅನಿಸುತ್ತದೆ.

ಒಂದು ವಿಷಯ ಪತ್ರದಲ್ಲಿ ಬಿಟ್ಟಿದ್ದೇನೆ: ಅವರ ರೀಲನ್ನು ನೀವು ದುಡ್ಡು ಹಾಕಿ ಬೂಸ್ಟ್ ಮಾಡುವುದು, ಅಥವಾ ಅವರ ಮುಖ ಇರುವ ತುಣುಕನ್ನು ಅಂಗಡಿಯ ಬ್ಯಾನರಿಗೆ ಬಳಸುವುದು. ಅದು ಬೇಕಿದ್ದರೆ ಎಷ್ಟು ದಿನ, ಎಲ್ಲಿ ಅಂತ ಬರೆದು, ಅದಕ್ಕೆ ಬೇರೆ ದುಡ್ಡು ಮಾತಾಡಿ. 12,000 ದಲ್ಲಿ ಅದೂ ಸೇರಿದೆ ಅಂದುಕೊಳ್ಳಬೇಡಿ. ಅವರ ಮುಖವೇ ಅವರ ದುಡಿಮೆ.

ಪತ್ರ ಕಳಿಸಿದ ಮೇಲೆ ಒಂದು ಸಲ ಫೋನ್ ಮಾಡಿ, ಅಕ್ಕನ ಜೊತೆ ಐದು ನಿಮಿಷ ಮಾತಾಡಿ. ಆದರೆ ಫೋನಲ್ಲಿ ಏನಾದರೂ ಬದಲಾದರೆ ಆ ಒಂದು ಸಾಲನ್ನು ಕೂಡಲೇ ವಾಟ್ಸಾಪ್‌ನಲ್ಲಿ ಬರೆದು ಹಾಕಿ, ಅವರಿಂದ ‘ಒಪ್ಪಿಗೆ’ ಅಂತ ಬರೆಸಿಕೊಳ್ಳಿ. ಜಾಹೀರಾತು ಅಂತ ಹಾಕಲು ಅವರು ಒಪ್ಪದೇ ಹೋದರೆ, ಈ ಕೆಲಸವನ್ನು ಅವರಿಂದ ಮಾಡಿಸಬೇಡಿ. ಮೊದಲ ಕಂತು ಕೊಡುವ ಮುಂಚೆಯೇ ಇದು ಇತ್ಯರ್ಥ ಆಗಲಿ.

ಕಚ್ಚಾ ರೀಲ್ ಬಂದಾಗ ಮೂರು ಸಲ ನೋಡಿ. ಮೊದಲ ಸಲ ಧ್ವನಿ ಪೂರ್ತಿ ಬಂದ್ ಮಾಡಿ ನೋಡಿ: ಜಾಹೀರಾತು ಅನ್ನೋ ಪದ ಶುರುವಿನಿಂದ ಕಾಣುತ್ತದಾ, ಬಿಳಿ ಅಕ್ಷರ ಬಿಳಿ ಗೋಡೆ ಮೇಲೆ ಕಳೆದುಹೋಗಿದೆಯಾ, ಇನ್‌ಸ್ಟಾಗ್ರಾಂನ ಹೆಸರು ಮತ್ತು ಬಟನ್‌ಗಳು ಬರುವ ಕೆಳಗಿನ ಜಾಗದಲ್ಲಿ ಮುಚ್ಚಿಹೋಗುತ್ತದಾ? ಎರಡನೇ ಸಲ ಫೋನ್ ಬೋರಲು ಹಾಕಿ ಬರೀ ಕೇಳಿ: ಜಾಹೀರಾತು ಅಂದರಾ, ಹತ್ತಿ ಅಂದರಾ, ಎಲ್ಲಾದರೂ ಬಾಯಿ ತಪ್ಪಿ ಸಿಲ್ಕ್ ಸೀರೆ ಅಂದರಾ, ಬೆಲೆ ಸರಿಯಾಗಿ ಹೇಳಿದರಾ? ಮೂರನೇ ಸಲ ಅದೇ ಸೀರೆಯ ಜೋಡಿಯನ್ನು ಹಗಲು ಬೆಳಕಲ್ಲಿ ಫೋನಿನ ಪಕ್ಕ ಇಟ್ಟುಕೊಂಡು ಬಣ್ಣ ಹೋಲಿಸಿ. ನೋಡುವಾಗ ನೇಯ್ದವರನ್ನೂ ಪಕ್ಕ ಕೂರಿಸಿಕೊಳ್ಳಿ. ಕೊಂಡಿಯ ಗೆರೆ ಅಂತ ತೋರಿಸಿದ್ದು ನಿಜವಾಗಿ ಕೊಂಡಿಯ ಗೆರೆಯೇನಾ, ಅಥವಾ ಸೆರಗಿನೊಳಗಿನ ಬೇರೆ ಪಟ್ಟಿಯಾ ಅಂತ ಅವರು ಒಂದೇ ನೋಟಕ್ಕೆ ಹೇಳುತ್ತಾರೆ.